ಆರ್‌ಓ ಟ್ಯಾಂಕ್ ತುಂಬ್ತಿಲ್ಲ: ಕ್ಯಾಂಡಲ್ ತಪ್ಪೋ, ಮೆಂಬ್ರೇನ್ ತಪ್ಪೋ?

ಪ್ರಶ್ನೆ: ಸರ್, ನಮ್ದು ಚಿಂತಾಮಣಿ, ಮನೆಗೆ ಬೋರ್ ನೀರು. 75 ಜಿಪಿಡಿ ಆರ್‌ಓ ತಗೊಂಡು 2 ವರ್ಷ ಆಯ್ತು. ಮೊದ್ಲು ಒಂದು ಗಂಟೆಗೆ 8 ಲೀಟರ್ ಟ್ಯಾಂಕ್ ತುಂಬ್ತಿತ್ತು, ಈಗ ಎರಡು ಗಂಟೆ ಮೇಲಾದ್ರೂ ತುಂಬಲ್ಲ. ಸರ್ವಿಸ್ ಹುಡುಗ ಬಂದು ಮೆಂಬ್ರೇನ್ ಹೋಗಿದೆ, ಎಲ್ಲಾ ಫಿಲ್ಟರ್ ಚೇಂಜ್ ಮಾಡ್ಬೇಕು ಅಂದ. ನಿಜವಾಗ್ಲೂ ಹೋಗಿದ್ಯಾ ಅಂತ ನಾವು ಹೆಂಗೆ ಗೊತ್ತು ಮಾಡ್ಕೊಳ್ಳೋದು? (ಗೃಹಿಣಿ, ಚಿಂತಾಮಣಿ)

ಉತ್ತರ: ಅಕ್ಕ, ಅವ್ನು ಅಳತೆ ಮಾಡಿ ಹೇಳಿದ್ನಾ ಇಲ್ಲಾ ಮಷೀನ್ ಮುಖ ನೋಡಿ ಹೇಳಿದ್ನಾ ಅಂತ ಮೊದ್ಲು ಕೇಳಿ. ಯಾಕಂದ್ರೆ ನೀರು ನಿಧಾನ ಆಗೋಕೆ ಉಪ್ಪು ತಡೆಯೋ ಮೆಂಬ್ರೇನೇ ಕಾರಣ ಆಗ್ಬೇಕಿಲ್ಲ, ಹೋಗಿರೋದು ಏನು ಅಂತ ಹೇಳೋಕೆ ಒಂದು ಅಳತೆ ಜಾರು, ಮೊಬೈಲ್ ಗಡಿಯಾರ, ನೀರಲ್ಲಿ ಕರಗಿರೋ ಉಪ್ಪು ಅಳೆಯೋ ಒಂದು ಟಿಡಿಎಸ್ ಮೀಟರ್ ಇದ್ರೆ ಸಾಕು, ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ.

ಟ್ಯಾಂಕ್ ನೀರೆಲ್ಲಾ ಹಿಡ್ಕೊಂಡು ಖಾಲಿ ಮಾಡಿ, ನಲ್ಲಿ ಹಂಗೇ ತೆರೆದಿಟ್ಟು ಮಷೀನ್ 10 ನಿಮಿಷ ಓಡಿಸಿ. ಖಾಲಿ ಟ್ಯಾಂಕಲ್ಲಿ ನಲ್ಲಿಯಿಂದ ಬರೋದು ಆಗ ತಾನೇ ಮೆಂಬ್ರೇನಿಂದ ಇಳಿದ ನೀರು ಮಾತ್ರ. ಅದನ್ನ 1 ನಿಮಿಷ ಜಾರಲ್ಲಿ ಹಿಡೀರಿ, ಆಮೇಲೆ ವೇಸ್ಟ್ ಪೈಪನ್ನೂ 1 ನಿಮಿಷ ಹಿಡೀರಿ, ಎರಡೂ ಬರ್ಕೊಳ್ಳಿ. 10 ನಿಮಿಷ ಯಾಕೆ ಅಂದ್ರೆ ರಾತ್ರಿಯೆಲ್ಲಾ ನಿಂತ ಮಷೀನಲ್ಲಿ ಮೊದಲ ನೀರಿನ ಟಿಡಿಎಸ್ ಸುಮ್ಮನೆ ಜಾಸ್ತಿ ತೋರಿಸುತ್ತೆ, ಅದನ್ನ ನೋಡಿ ಮೆಂಬ್ರೇನ್ ಎಸೆದವ್ರೂ ಇದ್ದಾರೆ.

75 ಜಿಪಿಡಿ ಅಂದ್ರೆ ಲೆಕ್ಕಕ್ಕೆ ದಿನಕ್ಕೆ 284 ಲೀಟರ್, ನಿಮಿಷಕ್ಕೆ ಸುಮಾರು 200 ಎಂಎಲ್. ಆದ್ರೆ ಅದು 25 ಡಿಗ್ರಿ ನೀರಲ್ಲಿ, ಕಮ್ಮಿ ಉಪ್ಪಿನ ನೀರಲ್ಲಿ ಮಾಡಿದ ಲೆಕ್ಕ. ನಮ್ಮ ಕಡೆ ಟಿಡಿಎಸ್ ಸಾವಿರ ದಾಟಿದ ಬೋರ್ ನೀರಿಗೆ 150 ಎಂಎಲ್ ಬಂದ್ರೂ ಚೆನ್ನಾಗಿದೆ ಅಂತ ಅಂದ್ಕೊಳ್ಳಿ. ಚಳಿಗಾಲ ಬೇರೆ, ಮೇಲಿನ ಟ್ಯಾಂಕಲ್ಲಿ ರಾತ್ರಿ ತಣ್ಣಗಾದ ನೀರು ಮೆಂಬ್ರೇನ್ ದಾಟೋದೇ ಕಷ್ಟ, ಒಂದು ಡಿಗ್ರಿ ಇಳಿದ್ರೆ ಹೆಚ್ಚು ಕಮ್ಮಿ ನೂರಕ್ಕೆ 3 ಭಾಗ ನೀರು ಕಮ್ಮಿ. ಜನವರಿ ಬೆಳಗ್ಗೆ ನಿಧಾನ, ಮಧ್ಯಾಹ್ನ ಸರಿ ಅಂದ್ರೆ ಅದು ರಿಪೇರಿ ಕೇಸಲ್ಲ.

ನಿಮ್ಮೂರಲ್ಲೇ ನಾನು ನೋಡಿದ ಒಂದು ಮನೆ ಲೆಕ್ಕ ಹೇಳ್ತೀನಿ, ನಿಮ್ದಕ್ಕೂ ಹೊಂದುತ್ತೆ. ಬೋರ್ ನೀರು ಟಿಡಿಎಸ್ 1150. ಜನವರಿಯಲ್ಲಿ ಒಳ್ಳೆ ನೀರು ನಿಮಿಷಕ್ಕೆ 60 ಎಂಎಲ್, ವೇಸ್ಟ್ 150 ಎಂಎಲ್. ಹೊಸದಿದ್ದಾಗ ವೇಸ್ಟೇ 450 ಬರ್ತಿತ್ತು. ಇಲ್ಲಿ ನೋಡ್ಬೇಕಾದ್ದು ಇದೇ, ಎರಡೂ ಕಡೆ ನೀರು ಇಳಿದಿದೆ ಅಂದ್ರೆ ಮೆಂಬ್ರೇನ್ ತನಕ ನೀರೇ ಸರಿಯಾಗಿ ಬರ್ತಿಲ್ಲ. ಪ್ಲಗ್ ಕಿತ್ತು, ಇನ್ಲೆಟ್ ನಲ್ಲಿ ಮುಚ್ಚಿ, ಹೊರಗಿನ ಬೌಲ್ ಬಿಚ್ಚಿದ್ರೆ ಕೆಸರು ತಡೆಯೋ ಬಿಳಿ ಸ್ಪನ್ ಕ್ಯಾಂಡಲ್ ಹುಣಸೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಕೈಗೆ ಜಿಡ್ಡು ಜಿಡ್ಡು. ಕ್ಯಾಂಡಲ್ ತೆಗೆದು ಖಾಲಿ ಬೌಲ್ ಹಾಕಿ ಎರಡೇ ನಿಮಿಷ ಓಡಿಸಿದ್ವಿ (ಜಾಸ್ತಿ ಹೊತ್ತು ಹಂಗೆ ಓಡಿಸ್ಬಾರ್ದು, ಕೆಸರು ಒಳಗೆ ಹೋಗುತ್ತೆ), ವೇಸ್ಟ್ 420ಕ್ಕೆ ಏರ್ತು, ಒಳ್ಳೆ ನೀರು 105. ಟಿಡಿಎಸ್ 85, ಅಂದ್ರೆ ನೂರಕ್ಕೆ 93 ಭಾಗ ಉಪ್ಪು ತಡೀತಿದೆ, ಮೆಂಬ್ರೇನ್ ಇನ್ನೂ ಗಟ್ಟಿ. ಕ್ಯಾಂಡಲ್, ಒಳಗಿನ ಸೆಡಿಮೆಂಟ್, ಕಾರ್ಬನ್ ಇಷ್ಟೇ ಬದಲಾಯಿಸಿ ಮೆಂಬ್ರೇನ್ ಮುಟ್ಟಲಿಲ್ಲ. ಖಾಲಿ ಬೌಲಲ್ಲೂ ವೇಸ್ಟ್ ಏರದೇ ಇದ್ದಿದ್ರೆ ಮುಂದೆ ಒಳಗಿನ ಫಿಲ್ಟರ್, ನೀರು ಬಿಟ್ಟು ನಿಲ್ಲಿಸೋ ಎಸ್‌ವಿ ವಾಲ್ವ್, ಬೂಸ್ಟರ್ ಪಂಪ್, ಅದರ 24 ವೋಲ್ಟ್ ಅಡಾಪ್ಟರ್ ನೋಡ್ಬೇಕಿತ್ತು.

ಅದೇ ಮನೆಗೆ ಜೂನಲ್ಲಿ ಮತ್ತೆ ಹೋದಾಗ ಕಥೆ ಬೇರೆ. ವೇಸ್ಟ್ 450 ಜೋರಾಗಿ ಬರ್ತಿದೆ, ಒಳ್ಳೆ ನೀರು ಮಾತ್ರ ಬೆಚ್ಚಗಿನ ಕಾಲದಲ್ಲೂ 70 ಎಂಎಲ್, ಟಿಡಿಎಸ್ 190. ನೀರು ಮೆಂಬ್ರೇನ್ ತನಕ ಚೆನ್ನಾಗೇ ಬಂದು ದಾಟೋಕೆ ಆಗ್ದೆ ವೇಸ್ಟಿಗೆ ಹೋಗ್ತಿದೆ, ದಾಟಿದ್ದರಲ್ಲೂ ಉಪ್ಪು ಸೋರ್ತಿದೆ. ಇದು ಮೆಂಬ್ರೇನ್ ಮುಗಿದ ಲಕ್ಷಣ, ಆವತ್ತು ಬದಲಾಯಿಸಿದ್ವಿ. ನಾನು ಪಾಲಿಸೋದು ಇಷ್ಟು: ವೇಸ್ಟ್ ಸರಿಯಿದ್ದು ಒಳ್ಳೆ ನೀರು ಹೊಸದರ ಅರ್ಧಕ್ಕಿಂತ ಕೆಳಗಿಳಿದ್ರೆ, ಇಲ್ಲಾ ಒಳಗೆ ಹೋಗೋ ಟಿಡಿಎಸ್‌ನ ನೂರಕ್ಕೆ 15 ಭಾಗಕ್ಕಿಂತ ಜಾಸ್ತಿ ಒಳ್ಳೆ ನೀರಲ್ಲಿ ಬಂದ್ರೆ, ಮೆಂಬ್ರೇನ್. ಕ್ಯಾಂಡಲ್‌ಗೆ ಟೈಮ್ ಟೇಬಲ್ ಬೇಡ, ಬಣ್ಣ ನೋಡಿ, ಬೋರ್ ನೀರಿಗೆ 3 ತಿಂಗಳಿಗೇ ಮುಗಿದದ್ದನ್ನೂ ನೋಡಿದೀನಿ. ಕಾರ್ಬನ್ ಮಾತ್ರ ನೋಡಿದ್ರೆ ಗೊತ್ತಾಗಲ್ಲ, ನೀರು ಜೋರಾಗೇ ಬರ್ತಿದ್ರೂ ಒಳಗೆ ಮುಗಿದಿರುತ್ತೆ, ಅದನ್ನ ವರ್ಷಕ್ಕೊಂದ್ಸಲ ತಪ್ಪದೆ ಹಾಕಿಸಿ. ಸಂಪಿಗೆ ಬ್ಲೀಚಿಂಗ್ ಪುಡಿ ಹಾಕೋ ಮನೆಯಾದ್ರೆ 6 ತಿಂಗಳಿಗೇ, ಕ್ಲೋರಿನ್ ಮೆಂಬ್ರೇನನ್ನ ತಿನ್ನುತ್ತೆ, ಆಗ ಆಗೋದು ಉಲ್ಟಾ: ನೀರು ಜೋರಾಗುತ್ತೆ, ಟಿಡಿಎಸ್ಸೂ ಏರುತ್ತೆ, ಮನೆಯವ್ರು ಮಷೀನ್ ಸರಿಹೋಯ್ತು ಅಂತ ಖುಷಿ ಪಡ್ತಾರೆ.

ಆ ಮನೆ ಮೆಂಬ್ರೇನ್ ಅಷ್ಟು ಬೇಗ ಹೋಗಿದ್ದಕ್ಕೆ ಕಾರಣ ಆಮೇಲೆ ಗೊತ್ತಾಯ್ತು. ಅಜ್ಜಿ ನೀರು ಹಾಳಾಗುತ್ತೆ ಅಂತ ವೇಸ್ಟ್ ಪೈಪಿಗೆ ಬಟ್ಟೆ ಕ್ಲಿಪ್ ಹಾಕ್ತಿದ್ರಂತೆ, ನಾನು ಅಳೆಯೋಕೆ ಹೋದಾಗ ಮಾತ್ರ ತೆಗೆದಿಟ್ಟಿದ್ರು! ಸಾವಿರ ಅಡಿ ಕೊರೆದ್ರೂ ನೀರು ಸಿಗದ ಊರಲ್ಲಿ ಅಜ್ಜಿ ತಪ್ಪು ಅಂತ ಹೇಳೋಕೆ ಬಾಯಿ ಬರಲ್ಲ. ಆದ್ರೆ ಲೆಕ್ಕ ನೋಡಿ, ನಾಲ್ಕು ಲೋಟ ನೀರಲ್ಲಿ ಒಂದು ಲೋಟ ಮಾತ್ರ ಒಳ್ಳೇದಾಗಿ ತೆಗೆದ್ರೆ ಉಳಿದ ಮೂರರಲ್ಲಿ ಉಪ್ಪು ಸ್ವಲ್ಪವೇ ಗಟ್ಟಿಯಾಗುತ್ತೆ, ಮೂರು ಲೋಟ ತೆಗೆದ್ರೆ ಉಳಿದ ಒಂದರಲ್ಲಿ ನಾಲ್ಕು ಪಟ್ಟು ಉಪ್ಪು ಕೂತು, ಪಾತ್ರೆ ತಳದಲ್ಲಿ ಕಟ್ಟೋ ಬಿಳಿ ಸುಣ್ಣ ಮೆಂಬ್ರೇನ್ ಒಳಗೇ ಕಟ್ಟುತ್ತೆ. ವೇಸ್ಟ್ ನೀರನ್ನ ಬಕೆಟಲ್ಲಿ ಹಿಡಿದು ಪಾತ್ರೆಗೆ, ಒರೆಸೋಕೆ, ಬಾತ್‌ರೂಮಿಗೆ ಬಳಸಿ, ಪೈಪ್ ಮಾತ್ರ ಕಟ್ಬೇಡಿ. ಮೆಂಬ್ರೇನ್ ಮುಂದೆ ಸುಣ್ಣ ಕಟ್ಟದಂಗೆ ತಡೆಯೋ ಆಂಟಿಸ್ಕೇಲೆಂಟ್ ಕಾರ್ಟ್ರಿಡ್ಜ್ ಇಲ್ಲ ಅಂದ್ರೆ ಹಾಕಿಸಿ, ಗಡಸು ನೀರಿಗೆ ಅದು ಕೆಲಸ ಮಾಡುತ್ತೆ.

ಕೊನೇದಾಗಿ, ಸರ್ವಿಸ್ ಹುಡುಗ ಏನೂ ಬದಲಾಯಿಸದೆ ಐದು ನಿಮಿಷದಲ್ಲಿ ಟ್ಯಾಂಕ್ ಬೇಗ ತುಂಬೋ ಹಂಗೆ ಮಾಡಿದ್ರೆ ಅನುಮಾನ ಪಡಿ. ಟಿಡಿಎಸ್ ಕಂಟ್ರೋಲರ್ ಅಂತ ಒಂದು ಸಣ್ಣ ತಿರುಪು ಇರುತ್ತೆ, ಅದನ್ನ ತಿರುಗಿಸಿದ್ರೆ ಮೆಂಬ್ರೇನ್ ದಾಟದ ನೀರು ಒಳ್ಳೆ ನೀರಿಗೆ ಬಂದು ಸೇರುತ್ತೆ, ರುಚಿಯೂ ಬರುತ್ತೆ, ಟ್ಯಾಂಕೂ ತುಂಬುತ್ತೆ. ಆದ್ರೆ ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಎಷ್ಟೋ ಬೋರ್‌ಗಳಲ್ಲಿ, ಆ ಕಡೆ ಪಾವಗಡದಲ್ಲೂ, ಫ್ಲೋರೈಡ್ ಇದೆ, ಅದನ್ನ ಟಿಡಿಎಸ್ ಮೀಟರ್ ತೋರಿಸಲ್ಲ. ಕುಡಿಯೋ ನೀರಿಗೆ ಬಿಐಎಸ್ ಹೇಳೋದು ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲ ಅಂದ್ರೆ 1.5. ಬೋರಲ್ಲಿ 3 ಇದ್ದು ಮೂರನೇ ಒಂದು ಭಾಗ ಹಂಗೇ ಬೆರೆಸಿಬಿಟ್ರೆ ಅಲ್ಲಿಗೇ 1 ಆಯ್ತು. ಬೋರ್ ನೀರನ್ನ ಒಂದ್ಸಲ ಲ್ಯಾಬಲ್ಲಿ ಫ್ಲೋರೈಡ್‌ಗೆ ಟೆಸ್ಟ್ ಮಾಡಿಸಿ, ಅಲ್ಲೀತನಕ ಆ ತಿರುಪು ಪೂರ್ತಿ ಮುಚ್ಚಿರ್ಲಿ. ಟಿಡಿಎಸ್ ಅಳೆಯುವಾಗಲೂ ಮುಚ್ಚಿಯೇ ಅಳೀರಿ, ಇಲ್ಲಾಂದ್ರೆ ಬರೋ ನಂಬರ್ ಮೆಂಬ್ರೇನ್‌ದೋ ತಿರುಪಿಂದೋ ಗೊತ್ತಾಗಲ್ಲ.