ಪವರ್ ಆಫ್ ಅಟಾರ್ನಿ ಒಂದೇ ಸಾಲದು

ಸಂಪಾದಕರೇ, ನನಗೆ 61, ನನ್ನ ಸಂಗಾತಿಗೆ 66. ಇಬ್ಬರೂ ಗಂಡಸರು. ರಾಜಾಜಿನಗರದಲ್ಲಿ ಅವರು ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆಯಲ್ಲಿ ತುಂಬಾ ವರ್ಷಗಳಿಂದ ಜೊತೆಗಿದ್ದೇವೆ. ಅಕ್ಕಪಕ್ಕದವರಿಗೆ ನಾವು ಸ್ನೇಹಿತರು. ಅವರ ಅಪ್ಪ ಅಮ್ಮ ಈಗಿಲ್ಲ, ಅಣ್ಣನ ಮನೆಯವರು ಬಂದು ಹೋಗಿ ಮಾಡುತ್ತಾರೆ. ಪರಿಚಯದ ವಕೀಲರು ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಸಾಕು ಅಂದರು. ಕೊನೆಗಾಲಕ್ಕೆ ಅಷ್ಟು ಸಾಕಲ್ವಾ?
– ಹೆಸರು ಬೇಡ, ರಾಜಾಜಿನಗರ

ಸಾಲದು ಸರ್. ನಮ್ಮ ಕಾನೂನಿನಲ್ಲಿ ಪವರ್ ಆಫ್ ಅಟಾರ್ನಿ ನಡೆಯುವುದು ಅದನ್ನು ಬರೆದುಕೊಟ್ಟವರ ಬುದ್ಧಿ ನೆಟ್ಟಗಿರುವ ತನಕ ಮಾತ್ರ. ಸ್ಟ್ರೋಕ್ ಆಗಿ ತಿಳಿವಳಿಕೆ ಹೋದರೆ, ಮರೆವಿನ ಕಾಯಿಲೆ ಬಲಿತರೆ, ಅದು ಬಿದ್ದುಹೋಗುತ್ತದೆ. ಸತ್ತ ಮೇಲಂತೂ ಇಲ್ಲವೇ ಇಲ್ಲ. ನಿಮಗೆ ಅದು ಬೇಕಾಗುವುದೇ ಆ ಹೊತ್ತಿನಲ್ಲಿ.

ಮಲ್ಲೇಶ್ವರದಲ್ಲಿ ನನಗೆ ಪರಿಚಯದ ಇಬ್ಬರು ಟೀಚರಮ್ಮಂದಿರು ನಿಮ್ಮ ಹಾಗೇ ಜೊತೆಗಿದ್ದರು. ದೊಡ್ಡವರಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯ ಫಾರಂನಲ್ಲಿ ‘ರೋಗಿಗೆ ಏನಾಗಬೇಕು’ ಅನ್ನುವ ಕಡೆ ಚಿಕ್ಕವರು ‘ಗೆಳತಿ’ ಅಂತ ಬರೆದರು. ಕೌಂಟರಿನ ಹುಡುಗಿ ಅದನ್ನು ಹೊಡೆದುಹಾಕಿ, “ಮನೆಯವರು ಯಾರೂ ಇಲ್ವಾ ಆಂಟಿ?” ಅಂದಳು. ಹುಬ್ಬಳ್ಳಿಯಿಂದ ತಮ್ಮ ಬಂದು ಸಹಿ ಹಾಕಿದರು. ಅಕ್ಕ ಯಾವ ಮಾತ್ರೆ ನುಂಗುತ್ತಿದ್ದರು ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಪೆನ್ಷನ್ ಖಾತೆ ಒಬ್ಬರದೇ ಹೆಸರಲ್ಲಿತ್ತು. ಪವರ್ ಆಫ್ ಅಟಾರ್ನಿ ತೋರಿಸಿದರೆ ಬ್ಯಾಂಕಿನವರು ಒಪ್ಪಲಿಲ್ಲ. ಚಿಕ್ಕವರು ಬಳೆ ಅಡವಿಟ್ಟು ಬಿಲ್ ಕಟ್ಟಿದರು.

ಆ ತಮ್ಮ ಕೆಟ್ಟವರಲ್ಲ. ನಿಮ್ಮವರ ಅಣ್ಣನೂ ಒಳ್ಳೆಯವರೇ ಇರಬಹುದು, ನಂಬಿ. ಆದರೆ ನಿಮ್ಮವರು ವಿಲ್ ಬರೆಯದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆ ಮನೆ ಒಡಹುಟ್ಟಿದವರಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ನಿಮಗೆ ಜಾಗವೇ ಇಲ್ಲ.

ಅದಕ್ಕೇ ಮೊದಲು ವಿಲ್. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಸ್ಟಾಂಪ್ ಪೇಪರ್ ಬೇಕಿಲ್ಲ. ನಿಮ್ಮವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿ ನೀವಾಗಬೇಡಿ, ನಿಮಗಿಂತ ಚಿಕ್ಕ ವಯಸ್ಸಿನವರನ್ನು ಹುಡುಕಿ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿ. ಅವರ ಬುದ್ಧಿ ಸ್ವಸ್ಥವಾಗಿದೆ ಅಂತ ಡಾಕ್ಟರಿಂದ ಅದೇ ದಿನದ ಸರ್ಟಿಫಿಕೇಟನ್ನೂ ಇಟ್ಟುಕೊಳ್ಳಿ. ವಿಲ್‌ಗೆ ತಕರಾರು ಬರುವುದು ಹೆಚ್ಚಾಗಿ ಅಲ್ಲೇ.

ಬ್ಯಾಂಕಿನಲ್ಲಿ ‘ಐದರ್ ಆರ್ ಸರ್ವೈವರ್’ ಜಂಟಿ ಖಾತೆ ತೆಗೆಯಿರಿ, ಅದನ್ನು ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದು, ಒಬ್ಬರು ಹೋದ ಮೇಲೆ ಉಳಿದವರು ನಡೆಸಬಹುದು. ನಿಮ್ಮಂಥ ಜೋಡಿಗಳಿಗೆ ಇದಕ್ಕೆ ಅಡ್ಡಿಯಿಲ್ಲ ಅಂತ 2024ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು, ಹಣಕಾಸು ಸಚಿವಾಲಯ ಎರಡೂ ಹೇಳಿವೆ. ನಾಮಿನಿಯೂ ಆಗಬಹುದು. ಆದರೆ ನಾಮಿನಿ ಹಣ ಪಡೆಯುವವನೇ ಹೊರತು ಒಡೆಯನಲ್ಲ. ವಾರಸುದಾರರು ಆಮೇಲೆ ಕೇಳಬಹುದು. ಆದ್ದರಿಂದ ಖಾತೆಯ ದುಡ್ಡನ್ನೂ ವಿಲ್‌ನಲ್ಲಿ ಸೇರಿಸಿ.

ಇನ್ನು ಆಸ್ಪತ್ರೆ. ಕೊನೆಗಾಲದ ಚಿಕಿತ್ಸೆ ಹೇಗಿರಬೇಕು ಅಂತ ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಅದನ್ನು ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ನಮ್ಮ ಪರವಾಗಿ ತೀರ್ಮಾನಿಸುವವರ ಹೆಸರನ್ನು ಅದರಲ್ಲೇ ಬರೆಯಬಹುದು, ಅವರು ರಕ್ತಸಂಬಂಧಿ ಆಗಿರಬೇಕಿಲ್ಲ. ಆದರೆ ಇದು ಕೆಲಸಕ್ಕೆ ಬರುವುದು ಗುಣವಾಗುವ ಆಸೆ ಇಲ್ಲದಾಗ, ಚಿಕಿತ್ಸೆ ಮುಂದುವರಿಸಬೇಕೋ ಬೇಡವೋ ಅನ್ನುವಾಗ. ಮೊಣಕಾಲು ಆಪರೇಷನ್‌ಗೆ ಇದು ಬೇಕಿಲ್ಲ, ಎಚ್ಚರವಿರುವ ರೋಗಿಯ ಸಹಿಯೇ ಸಾಕು. ಮರೆವಿನ ಕಾಯಿಲೆಯ ಭಯವಿದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ. ‘ನನ್ನ ಪ್ರತಿನಿಧಿ ಇವರು’ ಅಂತ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿಟ್ಟರೆ ಆ ಚಿಕಿತ್ಸೆಯ ಮಟ್ಟಿಗೆ ಅದು ನಡೆಯುತ್ತದೆ.

ಎಲ್ಲ ಕಾಗದದಲ್ಲೂ ನಿಮ್ಮಿಬ್ಬರ ಜೊತೆಗೆ ಐವತ್ತರ ಒಳಗಿನ ಇನ್ನೊಬ್ಬರ ಹೆಸರೂ ಇರಲಿ. ಒಬ್ಬರು ಹೋದ ಮೇಲೆ ಉಳಿದವರಿಗೆ ಯಾರು? ಅಂಥವರು ಸಿಗಬೇಕಾದರೆ ‘ಸ್ನೇಹಿತರು’ ಅನ್ನುವುದನ್ನು ಒಂದೆರಡು ಮನೆಯವರ ಹತ್ತಿರವಾದರೂ ಬಿಟ್ಟುಕೊಡಬೇಕು ಸರ್. ಇಷ್ಟು ವರ್ಷ ಮುಚ್ಚಿಟ್ಟು ಬದುಕಿದ್ದರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನೀವು ಯಾರು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ, ರಾತ್ರಿ ಎರಡು ಗಂಟೆಗೆ ನಿಮ್ಮ ಪರವಾಗಿ ಮಾತಾಡುವವರು ಯಾರು?

ನಿಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಯ 2018ರ ಸೆಪ್ಟೆಂಬರ್‌ನಲ್ಲಿ ಹೋಯಿತು. 2023ರ ಅಕ್ಟೋಬರ್‌ನಲ್ಲಿ ಮದುವೆಯ ಪ್ರಶ್ನೆಯನ್ನು ಕೋರ್ಟು ಸಂಸತ್ತಿಗೆ ಬಿಟ್ಟಿತು, ಸಂಸತ್ತು ಸುಮ್ನೆ ಕೂತಿದೆ. ಗಂಡ ಹೆಂಡತಿಗೆ ತಾಳಿಯೊಂದಿಗೇ ಬಂದುಬಿಡುವ ಹಕ್ಕನ್ನು ನೀವು ನಾಲ್ಕು ಕಚೇರಿ ಅಲೆದು, ವಕೀಲರಿಗೂ ನೋಟರಿಗೂ ದುಡ್ಡು ಕೊಟ್ಟು ತಗೋಬೇಕು. ಅಷ್ಟು ದುಡ್ಡಿಲ್ಲದವರು, ಓದು ಬರದವರು ಏನು ಮಾಡಬೇಕು? ನಾನು ವಿಚಾರಿಸಿದ ವೃದ್ಧಾಶ್ರಮಗಳಲ್ಲಿ ಮಕ್ಕಳ ಸಹಿ ಕೇಳದ ಒಂದೂ ಸಿಗಲಿಲ್ಲ. ಮಕ್ಕಳೇ ಇಲ್ಲದವರಿಗೆ ಮುಪ್ಪು ಬರುವುದಿಲ್ಲವೇ? ಈ ರಾಜ್ಯದಲ್ಲಿ ಒಬ್ಬ ಮಂತ್ರಿಯಾದರೂ ಇದಕ್ಕೆ ಉತ್ತರ ಕೊಡಲಿ, ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.