ಉಳಿದದ್ದು 4,000, ಹೆಚ್ಚಾದದ್ದು 28,450

ಪ್ರಶ್ನೆ: ನಮ್ಮ ಮನೆಯ ಬಜೆಟ್ ಹಾಳೆಯಲ್ಲಿ ಕಳೆದ ತಿಂಗಳು ಉಳಿದದ್ದು 4,000 ರೂಪಾಯಿ. ಆದರೆ ಆಸ್ತಿ-ಸಾಲದ ಹಾಳೆಯಲ್ಲಿ ನಿವ್ವಳ ಆಸ್ತಿ 28,450 ರೂಪಾಯಿ ಏರಿದೆ. ಎರಡರಲ್ಲಿ ಯಾವುದು ತಪ್ಪು? ಹಾಳೆಗಳನ್ನು ಜೊತೆಗಿಟ್ಟಿದ್ದೇನೆ.
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ಕೂಡಿಕೆ ಎಲ್ಲೂ ತಪ್ಪಿಲ್ಲ ಮೇಡಂ. ತಪ್ಪಿರುವುದು ಗೃಹಸಾಲದ ಕಂತನ್ನು ಪೂರ್ತಿ ಖರ್ಚಿಗೆ ಬರೆದಿರುವುದು. 20,000 ರೂಪಾಯಿ ಕಂತಿನಲ್ಲಿ ಖರ್ಚಾಗುವುದು ಬಡ್ಡಿ ಮಾತ್ರ. ಅಸಲಿಗೆ ಹೋದ ದುಡ್ಡು ನಿಮ್ಮ ಸಾಲವನ್ನೇ ಇಳಿಸುತ್ತದೆ. B2ರಲ್ಲಿ ಬಾಕಿ ಸಾಲ, B3ರಲ್ಲಿ ವಾರ್ಷಿಕ ಬಡ್ಡಿದರ, B4ರಲ್ಲಿ ಕಂತು ಇಟ್ಟು, B5 ಮತ್ತು B6ರಲ್ಲಿ ಹೀಗೆ ಬರೆಯಿರಿ:

```
=ROUND(B2*B3/12,0)
=B4-B5
```

ಬಾಕಿ 18,00,000, ದರ 9% ಇರುವುದರಿಂದ ಬಡ್ಡಿ 13,500, ಅಸಲು 6,500. ಮುಂದಿನ ತಿಂಗಳು ಬಾಕಿ 17,93,500 ಆಗಿ ಅಸಲು 6,549ಕ್ಕೆ ಏರುತ್ತದೆ. ಬ್ಯಾಂಕಿನ ಲೆಕ್ಕ ದಿನದ ಮೇಲೆ ನಡೆದರೆ ಕೆಲವು ರೂಪಾಯಿ ವ್ಯತ್ಯಾಸ ಬರಬಹುದು. ಆಗ ಬ್ಯಾಂಕಿನ ಅಂಕಿಯನ್ನೇ ಹಾಕಿಕೊಳ್ಳಿ.

ಎರಡನೆಯದು ಪಿಎಫ್. ಕೈಗೆ ಬಂದ ಸಂಬಳವನ್ನಷ್ಟೇ ಆದಾಯ ಅಂದುಕೊಂಡಿರುವುದರಿಂದ ಅದು ಬಜೆಟ್‌ಗೆ ಕಾಣುವುದೇ ಇಲ್ಲ. ನಿಮ್ಮ ಯಜಮಾನರ ಮೂಲ ವೇತನ, ಡಿಎ ಸೇರಿ 30,000. ಅದರ 12% ಅಂದರೆ 3,600 ಅವರ ಪಾಲು. ಕಂಪನಿಯ 3,600ರಲ್ಲಿ 1,250 ಪಿಂಚಣಿಗೆ ಹೋಗಿ, 2,350 ಖಾತೆಗೆ ಬೀಳುತ್ತದೆ. ಒಟ್ಟು 5,950. ಕಂಪನಿ ಈ ಹಣ ಕಟ್ಟಲು ಮುಂದಿನ ತಿಂಗಳ 15ರವರೆಗೆ ಸಮಯವಿದೆ. ಪಾಸ್‌ಬುಕ್ಕಿನಲ್ಲಿ ತಡವಾಗಿ ಕಂಡರೆ ಗಾಬರಿ ಬೇಡ.

4,000, 6,500, 5,950 ಸೇರಿಸಿ: 16,450. ಇದು ನಿಮ್ಮ ನಿಜವಾದ ಉಳಿತಾಯ. ಮಿಕ್ಕ 12,000 ಎಲ್ಲಿಂದ ಬಂತು? 60 ಗ್ರಾಂ ಚಿನ್ನಕ್ಕೆ ಗ್ರಾಮಿಗೆ 200 ರೂಪಾಯಿ ಏರಿದ ದರ ಹಾಕಿದ್ದೀರಿ. ಅದು ಉಳಿಸಿದ್ದಲ್ಲ, ಬೆಲೆ ಏರಿದ್ದು. 'ಬೆಲೆ ಏರಿಳಿತ' ಎಂದು ಬೇರೆ ಸಾಲು ಮಾಡಿ, ಮೂರು ತಿಂಗಳಿಗೊಮ್ಮೆ ಮಾತ್ರ ತಿದ್ದಿ. ಕಲ್ಲು, ಅರಗಿನ ತೂಕ ಕಳೆದು ಲೆಕ್ಕ ಹಾಕಿ; ಮಜೂರಿ ಸೇರಿಸಬೇಡಿ, ಮಾರುವಾಗ ಅದು ಬರುವುದಿಲ್ಲ. ಹೊಳೆನರಸೀಪುರದ ಸೈಟನ್ನಂತೂ ಕೊಂಡ ಬೆಲೆಗೇ ಬಿಡಿ. ಪಕ್ಕದ್ದು ಎಷ್ಟಕ್ಕೋ ಹೋಯಿತಂತೆ ಅನ್ನುವ ಮಾತು ಹಾಳೆಗೆ ಬೇಡ.

ಇಷ್ಟು ಸರಿಮಾಡಿದ ಮೇಲೂ ಲೆಕ್ಕ ಕೂಡದಿದ್ದರೆ ಕ್ರೆಡಿಟ್ ಕಾರ್ಡ್ ನೋಡಿ. 28ನೇ ತಾರೀಖು ಕಾರ್ಡಿನಲ್ಲಿ 3,200 ರೂಪಾಯಿಯ ದಿನಸಿ ತಂದು ಅಂದೇ ಖರ್ಚು ಬರೆದು, ಸಾಲದ ಕಡೆ ಅದನ್ನು ಹಾಕದಿದ್ದರೆ, ಆ ತಿಂಗಳು ನಿವ್ವಳ ಆಸ್ತಿ ಸರಿಯಾಗಿ 3,200 ಹೆಚ್ಚು ತೋರುತ್ತದೆ. ಮುಂದಿನ ತಿಂಗಳು ಬಿಲ್ ಕಟ್ಟಿದಾಗ ಅಷ್ಟೇ ಕಡಿಮೆ ಬೀಳುತ್ತದೆ. ಬಿಲ್ ಕಟ್ಟಿದ್ದನ್ನು ಮತ್ತೆ ಖರ್ಚಿಗೆ ಬರೆದರೆ ಒಂದೇ ದಿನಸಿಗೆ ಎರಡು ಸಲ ದುಡ್ಡು ಕೊಟ್ಟ ಲೆಕ್ಕ.