ಎಕ್ಸೆಲ್‌ನಲ್ಲಿ SUM ಮೊತ್ತ ಕಡಿಮೆ ತೋರಿಸುವ ಬಗ್ಗೆ ಉತ್ತರ

"ಆರು ದಿನದ ಹಾಲಿನ ಹಣ B2 ರಿಂದ B7 ರವರೆಗೆ ಹಾಕಿದ್ದೇನೆ: 412, 398, 405, 420, 390, 415. ಕೈಯಲ್ಲಿ ಕೂಡಿದರೆ 2440, SUM ಕೊಟ್ಟರೆ 1645. ಎರರ್ ಏನೂ ಇಲ್ಲ. ಕೆಲವು ದಿನದ್ದು ಮೆಸೇಜಿನಿಂದ ಕಾಪಿ ಮಾಡಿದ್ದು. ಫಾರ್ಮ್ಯಾಟ್ Number ಮಾಡಿದರೂ ಅಷ್ಟೇ ಬರುತ್ತದೆ."

ಸರ್, ನಿಮಗೆ ಕಡಿಮೆ ಬಂದಿರುವುದು ಸರಿಯಾಗಿ 795. ಅದು 405 ಮತ್ತು 390 ಸೇರಿದ ಮೊತ್ತ. ನಿಮ್ಮ ಆರು ಅಂಕಿಗಳಲ್ಲಿ ಬೇರೆ ಯಾವ ಜೋಡಿಯೂ 795 ಆಗುವುದಿಲ್ಲ. ಆದ್ದರಿಂದ B4 ಮತ್ತು B6 ಎರಡೂ ಅಂಕಿಯಂತೆ ಕಾಣುವ ಅಕ್ಷರಗಳಾಗಿ ಕುಳಿತಿವೆ. ನೀವು ಹಾಕಿದ ಫೋಟೋದಲ್ಲಿ ಇಡೀ ಕಾಲಂ ಅನ್ನು ಮಧ್ಯಕ್ಕೆ ಜೋಡಿಸಿದ್ದೀರಿ. ದಯವಿಟ್ಟು ಹಣದ ಕಾಲಂಗೆ ಎಂದೂ ಹಾಗೆ ಮಾಡಬೇಡಿ. ಜೋಡಣೆಯನ್ನು ಮುಟ್ಟದೆ ಬಿಟ್ಟರೆ ಸಂಖ್ಯೆ ಬಲಕ್ಕೂ ಅಕ್ಷರ ಎಡಕ್ಕೂ ನಿಲ್ಲುತ್ತದೆ, ಮತ್ತು ಈ ಎರಡು ಸಾಲುಗಳು ಮೊದಲ ದಿನವೇ ಕಣ್ಣಿಗೆ ಬೀಳುತ್ತಿದ್ದವು.

SUM ಗೆ ಒಂದು ವ್ಯಾಪ್ತಿಯನ್ನು ಕೊಟ್ಟಾಗ ಅದು ಅದರೊಳಗಿನ ಸಂಖ್ಯೆಗಳನ್ನು ಮಾತ್ರ ಎತ್ತಿಕೊಂಡು ಅಕ್ಷರವಿರುವ ಸೆಲ್‌ಗಳನ್ನು ದಾಟಿ ಹೋಗುತ್ತದೆ. ಇದು ದೋಷವಲ್ಲ, ಶೀರ್ಷಿಕೆಯೋ "ರಜೆ" ಎಂಬ ಪದವೋ ನಡುವೆ ಬಂದರೆ ಲೆಕ್ಕ ಕೆಡಬಾರದೆಂದು ಅದು ಹಾಗೆ ನಡೆದುಕೊಳ್ಳುತ್ತದೆ. ಆದರೆ ಅಕ್ಷರವಾಗಿರುವ 405 ಅನ್ನೂ ಅದು ಅದೇ ರೀತಿ ದಾಟುತ್ತದೆ, ಒಂದು ಮಾತನ್ನೂ ಹೇಳದೆ. ಫಾರ್ಮ್ಯಾಟ್ ಬದಲಾಯಿಸಿದರೂ ಸರಿಹೋಗದಿರಲು ಕಾರಣವೆಂದರೆ, ಫಾರ್ಮ್ಯಾಟ್ ಎಂಬುದು ಮೌಲ್ಯವನ್ನು ಹೇಗೆ ತೋರಿಸಬೇಕೆಂಬುದನ್ನಷ್ಟೇ ನಿರ್ಧರಿಸುತ್ತದೆ. ಒಳಗೆ ಈಗಾಗಲೇ ಅಕ್ಷರವಾಗಿ ಕುಳಿತದ್ದನ್ನು ಅದು ಮುಟ್ಟುವುದಿಲ್ಲ. ಫಾರ್ಮ್ಯಾಟ್ ಬದಲಾಯಿಸಿದ ಮೇಲೆ ಆ ಸೆಲ್‌ನಲ್ಲಿ F2 ಒತ್ತಿ Enter ಕೊಟ್ಟಾಗ ಮಾತ್ರ ಎಕ್ಸೆಲ್ ಅದನ್ನು ಹೊಸದಾಗಿ ಓದಿ ಸಂಖ್ಯೆಯಾಗಿ ಸ್ವೀಕರಿಸುತ್ತದೆ.

ಇಷ್ಟು ಒತ್ತಿ ಹೇಳಲು ನನಗೊಂದು ಕಾರಣವಿದೆ. ನಾನು ಮತ್ತು ನನ್ನ ತಮ್ಮ ಜಂಟಿಯಾಗಿ ಹಸು ಸಾಕುತ್ತಿದ್ದಾಗ ಖರ್ಚಿನ ಲೆಕ್ಕ ನನ್ನ ಕೈಯಲ್ಲಿತ್ತು. ಒಂದು ತಿಂಗಳು 28 ಸಾಲುಗಳಲ್ಲಿ ಮೂರು ಸಾಲು ಹಿಂಡಿ ಮೂಟೆಯ ಹಣವನ್ನು ಅಂಗಡಿಯವರ ಮೆಸೇಜಿನಿಂದ ಕಾಪಿ ಮಾಡಿದ್ದೆ, ಒಂದೊಂದು 1450 ರೂಪಾಯಿ. SUM ಆ 4350 ಅನ್ನು ಬಿಟ್ಟಿತು, ಖರ್ಚು ಕಡಿಮೆ ಕಂಡಿತು, ನಾನು ಲಾಭವನ್ನು ಎರಡು ಪಾಲು ಮಾಡಿ ತಮ್ಮನಿಗೆ 2175 ಹೆಚ್ಚು ಕೊಟ್ಟುಬಿಟ್ಟೆ. ಅಂಗಡಿಯ ಪುಸ್ತಕದೊಂದಿಗೆ ತಾಳೆ ನೋಡಿದಾಗಲೇ ಗೊತ್ತಾದದ್ದು. ಕೊಟ್ಟ ಹಣವನ್ನು ಒಡಹುಟ್ಟಿದವನ ಬಳಿ ಮರಳಿ ಕೇಳುವ ಕಷ್ಟ ಯಾರಿಗೂ ಬರಬಾರದು. ಅಂದಿನಿಂದ ನನ್ನ ಪ್ರತಿಯೊಂದು ಮೊತ್ತದ ಕೆಳಗೆ ಈ ಒಂದು ಸಾಲು ಇದ್ದೇ ಇರುತ್ತದೆ:

```
=COUNTA(B2:B7)-COUNT(B2:B7)
```

COUNTA ತುಂಬಿದ ಸೆಲ್‌ಗಳನ್ನೆಲ್ಲ ಎಣಿಸುತ್ತದೆ, COUNT ಸಂಖ್ಯೆಗಳನ್ನು ಮಾತ್ರ. ಉತ್ತರ ಸೊನ್ನೆ ಬಂದರೆ ಮೊತ್ತವನ್ನು ನಂಬಬಹುದು. ನಿಮ್ಮ ಹಾಳೆಯಲ್ಲಿ ಇದು 2 ಎಂದು ತೋರಿಸಬೇಕು. ವ್ಯಾಪ್ತಿಯೊಳಗೆ ಶೀರ್ಷಿಕೆ ಸೇರಿದ್ದರೆ, ಅಥವಾ ಯಾವುದಾದರೂ ಸೂತ್ರ ಖಾಲಿಯಂತೆ ಕಾಣುವ "" ಅನ್ನು ಕೊಡುತ್ತಿದ್ದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ನೆನಪಿಡಿ. ಕಾಲಂ ಆಯ್ದುಕೊಂಡು ಕೆಳಗಿನ ಪಟ್ಟಿಯಲ್ಲಿ ಬರುವ Sum ಜೊತೆ ತಾಳೆ ನೋಡುವವರಿದ್ದಾರೆ. ಅದೂ ಅಕ್ಷರಗಳನ್ನು ಬಿಟ್ಟೇ ಕೂಡುವುದರಿಂದ ಅದು ಪರೀಕ್ಷೆಯಾಗುವುದಿಲ್ಲ. ಈ ವಿಷಯದಲ್ಲಿ ನನಗೆ ಲಿಬ್ರೆಆಫೀಸ್ ಹೆಚ್ಚು ಮೆಚ್ಚುಗೆ: ಅದರಲ್ಲಿ Ctrl+F8 ಒತ್ತಿದರೆ ಸಂಖ್ಯೆಗಳು ನೀಲಿಯಾಗಿ, ಅಕ್ಷರಗಳು ಕಪ್ಪಾಗಿ ಕಾಣುತ್ತವೆ. ಎಕ್ಸೆಲ್ ಮೂಲೆಯಲ್ಲಿ ಹಾಕುವ ಹಸಿರು ತ್ರಿಕೋನ ಅಷ್ಟು ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಯಾರಾದರೂ ಆ ಆಯ್ಕೆಯನ್ನು ಆಫ್ ಮಾಡಿಟ್ಟಿದ್ದರೆ ಅದು ಬರುವುದೇ ಇಲ್ಲ.

ಈಗ ಸರಿಪಡಿಸುವ ಬಗೆ. ಮೊದಲು ಖಾಲಿ ಸೆಲ್‌ನಲ್ಲಿ ಇದನ್ನು ಬರೆದು ನೋಡಿ:

```
=CODE(RIGHT(B4,1))
```

ಇದು ಸೆಲ್‌ನ ಕೊನೆಯ ಅಕ್ಷರದ ಸಂಕೇತ ಸಂಖ್ಯೆಯನ್ನು ಕೊಡುತ್ತದೆ. 53 ಬಂದರೆ ಕೊನೆಯಲ್ಲಿರುವುದು 5 ಎಂಬ ಅಂಕಿಯೇ. ಆಗ ಆ ಕಾಲಂ ಮಾತ್ರ ಆಯ್ದುಕೊಂಡು Data ಒಳಗಿನ Text to Columns ತೆರೆದು, ಬೇರೇನೂ ಮುಟ್ಟದೆ Finish ಒತ್ತಿದರೆ ಸಾಕು. B6 ಗೂ ಹೀಗೆಯೇ ನೋಡಿ. ಅದರ ಕೊನೆಯ ಅಂಕಿ 0 ಆದ್ದರಿಂದ ಅಲ್ಲಿ 48 ಬರಬೇಕು. ಆದರೆ 160 ಬಂದರೆ, ಕಾಪಿ ಮಾಡುವಾಗ ಕಣ್ಣಿಗೆ ಕಾಣದ ಒಂದು ವಿಶೇಷ ಖಾಲಿ ಜಾಗ ಅಂಟಿಕೊಂಡು ಬಂದಿದೆ ಎಂದರ್ಥ. ಅಂಥ ಸೆಲ್‌ಗೆ F2 ಒತ್ತಿ Enter ಕೊಟ್ಟರೂ ಸರಿಹೋಗುವುದಿಲ್ಲ, TRIM ಸಹ ಅದನ್ನು ತೆಗೆಯುವುದಿಲ್ಲ. ನನ್ನ ಹಿಂಡಿ ಲೆಕ್ಕದಲ್ಲಿದ್ದದ್ದು ಇದೇ. ಪಕ್ಕದ ಕಾಲಂನಲ್ಲಿ ಹೀಗೆ ಬರೆದು, ಬಂದ ಸಂಖ್ಯೆಯನ್ನು ಕಾಪಿ ಮಾಡಿ, Paste Special ನಲ್ಲಿ Values ಆಯ್ದು ಮೂಲ ಸೆಲ್ ಮೇಲೆ ಅಂಟಿಸಿ:

```
=VALUE(SUBSTITUTE(B6,CHAR(160),""))
```

ಖಾಲಿ ಸೆಲ್‌ನಲ್ಲಿ 1 ಬರೆದು Paste Special ನ Multiply ಮೂಲಕ ಗುಣಿಸುವ ವಿಧಾನವನ್ನು ಬಹಳ ಜನ ಹೇಳುತ್ತಾರೆ. ಅದು ಕೆಲಸ ಮಾಡುತ್ತದೆ, ಆದರೆ ಆಯ್ದ ಜಾಗದಲ್ಲಿ ಹಾಲು ಹಾಕದ ದಿನದ ಖಾಲಿ ಸೆಲ್‌ಗಳಿದ್ದರೆ ಅವೆಲ್ಲ 0 ಆಗಿ, ಮುಂದೆ ತೆಗೆಯುವ ಸರಾಸರಿ ಕೆಡುತ್ತದೆ. ನಾನು ಬಳಸುವುದಿಲ್ಲ.

SUM ಬಿಟ್ಟು =B2+B3+B4+B5+B6+B7 ಎಂದು ಕೂಡಿಸಿ ಎಂದು ಮೇಲೆ ಹೇಳಿದವರ ಮಾತು ಅರ್ಧ ಸರಿ. ಕೂಡುವ ಚಿಹ್ನೆ ಅಕ್ಷರವಾಗಿರುವ 405 ಅನ್ನು ಸಂಖ್ಯೆಯಾಗಿ ಮಾರ್ಪಡಿಸಿಕೊಳ್ಳುತ್ತದೆ, ಆದ್ದರಿಂದ ಮೊತ್ತ 2440 ಬರಬಹುದು. ಆದರೆ ಆ ಕಾಣದ ಖಾಲಿ ಜಾಗವೋ "ರಜೆ" ಎಂಬ ಪದವೋ ಇದ್ದರೆ #VALUE! ಬರುತ್ತದೆ, ಮತ್ತು ನಡುವೆ ಹೊಸ ಸಾಲು ಸೇರಿಸಿದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ತಪ್ಪನ್ನು ಮುಚ್ಚುವ ಬದಲು ಸೆಲ್ ಅನ್ನೇ ಸರಿಮಾಡಿ. F9 ಒತ್ತಲು ಹೇಳಿದವರು ಬೇರೆ ತೊಂದರೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ಲೆಕ್ಕಾಚಾರ Manual ನಲ್ಲಿದ್ದರೆ ಹಳೆಯ ಮೊತ್ತವೇ ನಿಂತಿರುತ್ತದೆ. ಆದರೆ ಇಲ್ಲಿನ ಕೊರತೆ ಎರಡು ನಿರ್ದಿಷ್ಟ ಸಾಲುಗಳಿಗೆ ಸರಿಯಾಗಿ ಹೊಂದುವುದರಿಂದ ಅದಲ್ಲವೆಂದು ನನ್ನ ಅಭಿಪ್ರಾಯ.

ತಮಗೆ ಮೊತ್ತ ಸೊನ್ನೆಯೇ ಬರುತ್ತಿದೆ ಎಂದ ಅಕ್ಕನವರೇ, ನೀವು ಪ್ರತಿ ಸೆಲ್‌ನಲ್ಲಿ "350 ರೂ" ಎಂದು ಬರೆಯುತ್ತಿದ್ದರೆ ಎಲ್ಲವೂ ಅಕ್ಷರವಾಗಿ ಸೊನ್ನೆ ಬರುವುದು ಸಹಜ. Ctrl+H ನಲ್ಲಿ "ರೂ" ಹುಡುಕಿ ಖಾಲಿಯಿಂದ ಬದಲಾಯಿಸಿ. ಸೆಲ್‌ಗಳು Text ಫಾರ್ಮ್ಯಾಟ್‌ನಲ್ಲಿ ಇಲ್ಲದಿದ್ದರೆ ಅವು ಕೂಡಲೇ ಸಂಖ್ಯೆಗಳಾಗುತ್ತವೆ. SUM ನ ವ್ಯಾಪ್ತಿಯೊಳಗೆ SUM ಬರೆದ ಸೆಲ್ ತಾನೇ ಸೇರಿಕೊಂಡಿದ್ದರೂ ಸೊನ್ನೆ ತೋರಿಸಬಹುದು. ಯಾವುದೆಂದು ಸೂತ್ರದ ಸಾಲನ್ನು ನೋಡದೆ ಹೇಳಲಾರೆ; ಫೋಟೋ ಹಾಕಿ.

ಕೊನೆಯದಾಗಿ, ಈ ಉತ್ಸಾಹದಲ್ಲಿ ಯಾರೂ ಇಡೀ ಹಾಳೆಯನ್ನು ಸಂಖ್ಯೆಯಾಗಿ ಮಾರ್ಪಡಿಸಬೇಡಿ. ಹಸುವಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಸಂಖ್ಯೆಯಾದರೆ ಸಾಮಾನ್ಯ ಫಾರ್ಮ್ಯಾಟ್‌ನಲ್ಲಿ E+11 ಎಂದು ಕಾಣತೊಡಗುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆ 15 ಅಂಕಿಗಳಿಗಿಂತ ಉದ್ದವಾಗಿದ್ದರೆ ಎಕ್ಸೆಲ್ ಅದರಾಚೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ, ಮತ್ತು ಹಾಗೆ ಹೋದ ಅಂಕಿಗಳು ಫಾರ್ಮ್ಯಾಟ್ ಬದಲಾಯಿಸಿದರೂ ಮರಳಿ ಬರುವುದಿಲ್ಲ. ಕೂಡಿಸುವ ಅಗತ್ಯವಿಲ್ಲದ ಈ ಎರಡು ಕಾಲಂಗಳನ್ನು ಅಕ್ಷರವಾಗಿಯೇ ಇಡಿ. ನಿಮ್ಮ B6 ಗೆ 48 ಬಂತೋ 160 ಬಂತೋ ಎಂಬುದನ್ನು ಇಲ್ಲಿ ತಿಳಿಸಿ.